ಮರದ ತೂಕ ಎಲ್ಲಿಂದ ಬಂತು?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಟೀಚರ್. ಒಂಬತ್ತನೇ ತರಗತಿ ಮಕ್ಕಳು ದ್ಯುತಿಸಂಶ್ಲೇಷಣೆಯ ಸಮೀಕರಣವನ್ನು ತಪ್ಪಿಲ್ಲದೆ ಬರೆಯುತ್ತಾರೆ. ಆದರೆ "ಇಷ್ಟು ದೊಡ್ಡ ಮರ ಎಲ್ಲಿಂದ ಬಂತು?" ಅಂತ ಕೇಳಿದರೆ "ಮಣ್ಣನ್ನು ತಿಂದು ಬೆಳೀತು ಮಿಸ್" ಅನ್ನುತ್ತಾರೆ. ಎಲೆಯಲ್ಲಿ ಪಿಷ್ಟದ ಪರೀಕ್ಷೆ ಮಾಡಿ ತೋರಿಸಿದೆ, ಆದರೂ ಬದಲಾಗಲಿಲ್ಲ. ಅವರೇ ಹುಡುಕಿ ತಿಳಿದುಕೊಳ್ಳುವ ಹಾಗೆ ಈ ಪಾಠ ಹೇಗೆ ಮಾಡಲಿ?

ಉತ್ತರ: ಮೇಡಂ, ಪಿಷ್ಟದ ಪರೀಕ್ಷೆ ಕೆಲಸ ಮಾಡದಿದ್ದುದಕ್ಕೆ ಕಾರಣವಿದೆ. ಎಲೆಗೆ ಅಯೋಡಿನ್ ಹಾಕಿದಾಗ ನೀಲಿ-ಕಪ್ಪು ಬಣ್ಣ ಬರುತ್ತದೆ, ಸರಿ. ಅದರಿಂದ ಎಲೆಯಲ್ಲಿ ಪಿಷ್ಟ ಇದೆ ಅಂತ ಗೊತ್ತಾಗುತ್ತದೆ. ಆ ಪಿಷ್ಟದ ಸಾಮಾನು ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ. ಮಗುವಿನ ತಲೆಯಲ್ಲಿ ಕಥೆ ಹೀಗಿರುತ್ತದೆ: ಬೇರು ಮಣ್ಣಿನಿಂದ ಸಾಮಾನು ತಂದುಕೊಡ್ತು, ಎಲೆ ಬಿಸಿಲಲ್ಲಿ ಅದನ್ನು ಬೇಯಿಸ್ತು. "ಎಲೆ ಗಿಡದ ಅಡುಗೆಮನೆ" ಅಂತ ನಾವೇ ಹೇಳಿಕೊಟ್ಟಿರುತ್ತೇವೆ. ಅಡುಗೆಮನೆಗೆ ಅಕ್ಕಿ ಹೊರಗಿನಿಂದಲೇ ಬರಬೇಕಲ್ವಾ? ಹಾಗಾಗಿ ಮಣ್ಣಿನ ನಂಬಿಕೆಗೂ ಸಮೀಕರಣಕ್ಕೂ ಜಗಳವೇ ಆಗುವುದಿಲ್ಲ. ಎರಡೂ ಒಂದೇ ತಲೆಯಲ್ಲಿ ಸುಖವಾಗಿ ಇರುತ್ತವೆ.

ಜಗಳ ಆಗಬೇಕಾದರೆ ಪಾಠ ತೂಕದ ಮೇಲೆ ನಿಲ್ಲಬೇಕು. ಬಣ್ಣ ಬೇಡ, ಗುಳ್ಳೆ ಬೇಡ. ತಕ್ಕಡಿ ಬೇಕು. ನಾನು ಹಲವು ವರ್ಷ ಇದನ್ನು ಹೆಸರುಕಾಳಿನಿಂದ ಮಾಡಿಸಿದ್ದೇನೆ. ಮೂರು ಪೀರಿಯಡ್ ಸಾಕು, ಆದರೆ ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಎರಡು ವಾರಕ್ಕೂ ಸ್ವಲ್ಪ ಜಾಸ್ತಿ ಕಾಯಬೇಕು.

ಮೊದಲ ದಿನ ಪಾಠ ಮಾಡಬೇಡಿ. ಶಾಲೆಯ ಅಂಗಳದ ಯಾವುದಾದರೂ ಮರದ ಕೆಳಗೆ ಮಕ್ಕಳನ್ನು ನಿಲ್ಲಿಸಿ. "ಇದು ಒಂದು ಕಾಲಕ್ಕೆ ಬೀಜವಾಗಿತ್ತು. ಈಗ ಇದನ್ನು ಕಡಿದು ಒಣಗಿಸಿದರೂ ನೂರಾರು ಕೆಜಿ ಇರುತ್ತೆ. ಆ ತೂಕ ಎಲ್ಲಿಂದ ಬಂತು?" ಅಂತ ಕೇಳಿ. ಒಣಗಿಸಿದರೂ ಅನ್ನುವ ಮಾತು ಮುಖ್ಯ, ಇಲ್ಲದಿದ್ದರೆ "ನೀರು" ಅಂದು ತಪ್ಪಿಸಿಕೊಳ್ಳುತ್ತಾರೆ. ಉತ್ತರವನ್ನು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆದು ಕೊಡಲಿ. ಸರಿ-ತಪ್ಪು ಹೇಳಬೇಡಿ. ಚೀಟಿಗಳನ್ನು ಜೋಪಾನವಾಗಿಡಿ, ಕೊನೆಯಲ್ಲಿ ಬೇಕಾಗುತ್ತವೆ.

ಇಲ್ಲಿ ಒಂದು ತಕರಾರು ಬಂದೇ ಬರುತ್ತದೆ. "ಮಣ್ಣು ತಿಂದಿದ್ದರೆ ಬುಡದಲ್ಲಿ ಗುಂಡಿ ಬೀಳಬೇಕಿತ್ತಲ್ಲ?" ಅಂತ ನೀವು ಕೇಳಿದರೆ, ಯಾರಾದರೂ "ನಮ್ಮನೆ ತುಳಸಿ ಪಾಟಿನಲ್ಲಿ ಮಣ್ಣು ಇಳಿದಿದೆ ಮಿಸ್" ಅನ್ನುತ್ತಾರೆ. ಆ ಮಗು ನೋಡಿದ್ದು ನಿಜ. ಪಾಟಿನ ಮಣ್ಣು ಇಳಿಯುತ್ತದೆ. ಅದರಲ್ಲಿದ್ದ ಸಗಣಿ ಗೊಬ್ಬರ, ತೆಂಗಿನ ನಾರು ಕೊಳೆತು ಗಾಳಿಗೆ ಹೋಗುತ್ತದೆ, ನೀರು ಹಾಕಿದ ಹಾಗೆಲ್ಲ ಮಣ್ಣು ಕುಗ್ಗುತ್ತದೆ, ಸ್ವಲ್ಪ ತೂತಿನಿಂದ ಕೊಚ್ಚಿಹೋಗುತ್ತದೆ. ಆದರೆ ಇದನ್ನೆಲ್ಲ ಆಗಲೇ ವಿವರಿಸಬೇಡಿ. "ಇಳಿದದ್ದು ಗಿಡದೊಳಕ್ಕೇ ಹೋಯ್ತು ಅಂತ ಹೇಗೆ ಗೊತ್ತು? ಅದನ್ನು ಪರೀಕ್ಷೆ ಮಾಡಬೇಕಾದರೆ ಏನೇನು ತೂಗಬೇಕು?" ಅಂತ ಕೇಳಿ ಬಿಡಿ. ಹತ್ತು ನಿಮಿಷ ಚರ್ಚೆ ಆದರೆ ಮಕ್ಕಳೇ ಹೇಳುತ್ತಾರೆ: ಮಣ್ಣನ್ನು ಮೊದಲೂ ಆಮೇಲೂ ತೂಗಬೇಕು, ಗಿಡವನ್ನೂ ತೂಗಬೇಕು, ಮಣ್ಣು ಒಣಗಿರಬೇಕು, ಧೂಳು ಬೀಳಬಾರದು.

ಆಗ ಹೇಳಿ, ಇದನ್ನೇ ಒಬ್ಬರು ಸುಮಾರು 400 ವರ್ಷದ ಹಿಂದೆ ಮಾಡಿದ್ದಾರೆ ಅಂತ. ಈಗಿನ ಬೆಲ್ಜಿಯಂನ ವೈದ್ಯ ಯಾನ್ ಬ್ಯಾಪ್ಟಿಸ್ಟ್ ವಾನ್ ಹೆಲ್ಮಾಂಟ್. ಒಲೆಯಲ್ಲಿ ಒಣಗಿಸಿದ 200 ಪೌಂಡ್ ಮಣ್ಣನ್ನು ಮಡಕೆಗೆ ತುಂಬಿ, 5 ಪೌಂಡಿನ ವಿಲೋ ಸಸಿ ನೆಟ್ಟರು. ಧೂಳು ಬೀಳದ ಹಾಗೆ ತೂತುಗಳಿದ್ದ ತಗಡಿನ ಮುಚ್ಚಳ ಹಾಕಿದರು. ಮಳೆನೀರು, ಇಲ್ಲವೇ ಬಟ್ಟಿ ಇಳಿಸಿದ ನೀರು ಬಿಟ್ಟು ಬೇರೇನೂ ಕೊಡಲಿಲ್ಲ. ಐದು ವರ್ಷದ ಮೇಲೆ ಮರ 169 ಪೌಂಡ್ 3 ಔನ್ಸ್ ತೂಗಿತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದರೆ ಕಡಿಮೆಯಾದದ್ದು 2 ಔನ್ಸ್ ಅಷ್ಟೇ. ನಮ್ಮ ಲೆಕ್ಕದಲ್ಲಿ ಮರ 74 ಕೆಜಿಯಷ್ಟು ಹೆಚ್ಚಿತು, ಮಣ್ಣು 60 ಗ್ರಾಂನಷ್ಟು ಇಳಿಯಿತು. ಈ ನಾಲ್ಕು ಸಂಖ್ಯೆಗಳನ್ನು ಬೋರ್ಡಿನ ಮೇಲೆ ಬರೆದು ಸುಮ್ಮನಿರಿ. ತರಗತಿ ಗದ್ದಲ ಮಾಡುತ್ತದೆ, ಮಾಡಲಿ.

ಈ ಪ್ರಯೋಗವನ್ನೇ ಪಾಟಿನಲ್ಲಿ ಮಾಡಿಸೋಣ ಅಂತ ಅನ್ನಿಸಬಹುದು. ಬೇಡ. ಎರಡು ಕೆಜಿ ಮಣ್ಣಿನ ತೇವ ಸ್ವಲ್ಪ ಹೆಚ್ಚುಕಡಿಮೆಯಾದರೂ ಹತ್ತಾರು ಗ್ರಾಂ ಆಚೀಚೆ ಆಗುತ್ತದೆ. ಒಂದೆರಡು ತಿಂಗಳಲ್ಲಿ ಗಿಡ ಗಳಿಸಿದ ಒಣ ತೂಕ ಆ ತಪ್ಪಿನೊಳಗೇ ಮುಳುಗಿಹೋಗುತ್ತದೆ. ನಮ್ಮ ಪ್ರಯೋಗದಲ್ಲಿ ಮಣ್ಣೇ ಇರಬಾರದು.

ಹೆಸರುಕಾಳು ಬೇಕಾಗುವುದು ಇಲ್ಲಿ. ಅಕ್ಕಸಾಲಿಗರು ಬಳಸುವಂಥ ಸಣ್ಣ ಡಿಜಿಟಲ್ ತಕ್ಕಡಿ ಬೇಕು. 0.01 ಗ್ರಾಂ ತೋರಿಸುವುದು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಒಂದೇ ಥರದ ಮೂರು ಅಗಲವಾದ ಪ್ಲಾಸ್ಟಿಕ್ ಡಬ್ಬಿ ತಗೊಳ್ಳಿ. ಒಂದೊಂದಕ್ಕೂ ಹತ್ತಿ ಹಾಸಿ, ಡಬ್ಬಿ-ಹತ್ತಿ ಸೇರಿದ ತೂಕವನ್ನು ಡಬ್ಬಿಯ ಮೇಲೇ ಬರೆಯಿರಿ. ಬೇರು ಹತ್ತಿಗೆ ಸಿಕ್ಕಿಕೊಂಡು ಬಿಡಿಸಲು ಬರುವುದಿಲ್ಲ, ಆದ್ದರಿಂದ ಕೊನೆಗೂ ಎಲ್ಲವನ್ನೂ ಒಟ್ಟಿಗೇ ತೂಗಿ ಇದನ್ನು ಕಳೆಯಬೇಕು. ಪ್ರತಿಯೊಂದಕ್ಕೂ ಸರಿಯಾಗಿ 2.00 ಗ್ರಾಂ ಹೆಸರುಕಾಳು ಹಾಕಿ. ಸುಮಾರು ಐವತ್ತರಿಂದ ಅರವತ್ತು ಕಾಳು ಬರುತ್ತವೆ. ಒಂದು ಡಬ್ಬಿಗೆ ನೀರು ಮತ್ತು ಬಿಸಿಲು. ಒಂದಕ್ಕೆ ಅಷ್ಟೇ ನೀರು, ಆದರೆ ಕತ್ತಲು. ದಪ್ಪ ರಟ್ಟಿನ ಪೆಟ್ಟಿಗೆ ಕವುಚಿದರೆ ಸಾಕು, ಕೆಳಗೆ ಗಾಳಿಯಾಡಲು ಸ್ವಲ್ಪ ಸಂದಿ ಬಿಡಿ. ಮೂರನೆಯದಕ್ಕೆ ನೀರೇ ಇಲ್ಲ, ಕಾಳು ಹಾಗೇ ಇರುತ್ತದೆ. ಇದು ಯಾಕೆ ಅಂದರೆ ಒಣಕಾಳಿನಲ್ಲೂ ನೂರಕ್ಕೆ ಹತ್ತರಷ್ಟು ತೇವ ಇರುತ್ತದೆ. ಕೊನೆಗೆ ಮೂರನ್ನೂ ಒಟ್ಟಿಗೆ ಒಣಗಿಸಿದಾಗ ಆ ತೇವವೂ ಒಂದಿಷ್ಟು ಹೋಗುತ್ತದೆ. ಹೋಲಿಕೆ ಈ ಮೂರನೇ ಡಬ್ಬಿಯ ಜೊತೆ ಆಗಬೇಕು.

ನೀರಿನ ವಿಷಯದಲ್ಲಿ ನಾನು ಒಮ್ಮೆ ಸೋತಿದ್ದೇನೆ, ನೀವು ಸೋಲಬೇಡಿ. ಆ ವರ್ಷ ಕತ್ತಲ ಡಬ್ಬಿಯ ತೂಕ ಇಳಿಯಲೇ ಇಲ್ಲ. ಸಸಿಗಳು ಬಾಡಿ ಬಿಳಚಿಕೊಂಡಿದ್ದವು, ಆದರೂ ಒಣಗಿಸಿ ತೂಗಿದರೆ ಎರಡು ಗ್ರಾಂ ಹತ್ತಿರವೇ. ಮಕ್ಕಳ ಮುಂದೆ ಏನು ಹೇಳಲೂ ತೋಚಲಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಒಣಗಿದ ಹತ್ತಿಯನ್ನು ಬೆರಳಲ್ಲಿ ಉಜ್ಜಿ ನೋಡಿ, "ಸರ್, ಇದು ನಮ್ಮ ನೀರು ಕಾಯಿಸೋ ಹಂಡೆ ಒಳಗೆ ಕಟ್ಟಿಕೊಂಡ ಹಾಗಿದೆ" ಅಂದಳು. ಬಿಳೀ ಪುಡಿ. ನಾನು ಬೋರ್‌ವೆಲ್ ನೀರು ಹಾಕಿಸಿದ್ದೆ. ಒಂದು ಲೀಟರಿನಲ್ಲಿ ಒಂದೂವರೆ ಗ್ರಾಂ ಲವಣ ಇರುವ ನೀರನ್ನು ದಿನಕ್ಕೆ 30 ಮಿಲಿಯಂತೆ ಹನ್ನೆರಡು ದಿನ ಹಾಕಿದರೆ ಅರ್ಧ ಗ್ರಾಂನಷ್ಟು ಲವಣ ಹತ್ತಿಯಲ್ಲೇ ಉಳಿಯುತ್ತದೆ. ನಾವು ಹುಡುಕುತ್ತಿರುವ ವ್ಯತ್ಯಾಸವೂ ಅಷ್ಟೇ! ಮಳೆನೀರು ಹಿಡಿದಿಡಿ, ಇಲ್ಲವೇ ಶುದ್ಧ ನೀರಿನ ಘಟಕದ ಕ್ಯಾನ್ ನೀರು ಬಳಸಿ. ಎರಡೂ ಡಬ್ಬಿಗೆ ಅಳೆದು ಒಂದೇ ಸಮ ಹಾಕಿ.

ಹನ್ನೆರಡನೇ ದಿನಕ್ಕೆ ನಿಲ್ಲಿಸಿ. ಬೇಗ ನಿಲ್ಲಿಸಿದರೆ ಬಿಸಿಲಿನ ಸಸಿಯೂ ಇನ್ನೂ ಕಾಳಿನ ಗಂಟನ್ನೇ ಖರ್ಚು ಮಾಡುತ್ತಿರುತ್ತದೆ, ತೂಕ ಹೆಚ್ಚಿರುವುದಿಲ್ಲ. ಮೊದಲ ಎಲೆಗಳು ಚೆನ್ನಾಗಿ ಅಗಲವಾದ ಮೇಲೇ ಗಳಿಕೆ ಶುರು. ಮೋಡದ ವಾರವಾದರೆ ಇನ್ನೂ ಮೂರ್ನಾಲ್ಕು ದಿನ ಬಿಡಿ. ಕತ್ತಲ ಡಬ್ಬಿಯಲ್ಲಿ ಬೂಷ್ಟು ಬಂದರೆ ಅದನ್ನು ಲೆಕ್ಕದಿಂದ ತೆಗೆಯಿರಿ, ಬೂಷ್ಟೂ ತಿನ್ನುತ್ತದೆ. ಅದಕ್ಕೇ ಪ್ರತಿಯೊಂದು ಗುಂಪಿಗೂ ಒಂದೊಂದು ಜೊತೆ ಮಾಡಿಸುವುದು ಒಳ್ಳೆಯದು.

ಒಣಗಿಸುವ ಮುಂಚೆ ಮಕ್ಕಳಿಗೆ ಎರಡೂ ಡಬ್ಬಿ ತೋರಿಸಿ, "ಒಣಗಿದ ಮೇಲೆ ಯಾವುದು ಜಾಸ್ತಿ ತೂಗುತ್ತೆ?" ಅಂತ ಮತ್ತೆ ಚೀಟಿ ಬರೆಸಿ. ಕತ್ತಲಲ್ಲಿ ಬೆಳೆದವು ಉದ್ದುದ್ದ ಇರುತ್ತವೆ. ಬಿಸಿಲಿನವು ಗಿಡ್ಡ. ಬಹಳ ಮಕ್ಕಳು ಉದ್ದ ನೋಡಿ ಕತ್ತಲಿಗೇ ಓಟು ಹಾಕುತ್ತಾರೆ. ಇನ್ನು ಕೆಲವರು "ಎರಡೂ ಕಾಳಿಗಿಂತ ಜಾಸ್ತಿ, ಬೆಳೆದಿದೆಯಲ್ಲ" ಅನ್ನುತ್ತಾರೆ. ಆಮೇಲೆ ಮೂರು ಡಬ್ಬಿಯನ್ನೂ ಮೂರ್ನಾಲ್ಕು ದಿನ ಜೋರು ಬಿಸಿಲಲ್ಲಿ ಒಣಗಿಸಿ. ದಿನಾ ಸಂಜೆ ತೂಗಿ. ಎರಡು ದಿನ ಒಂದೇ ತೂಕ ಬಂದರೆ ಒಣಗಿದೆ ಅಂತ ಅರ್ಥ.

ಒಂದು ತರಗತಿಯ ಲೆಕ್ಕ ನನ್ನ ನೋಟ್‌ಬುಕ್ಕಿನಲ್ಲಿದೆ. ನೀರಿಲ್ಲದ ಕಾಳು 1.92 ಗ್ರಾಂ. ಕತ್ತಲಿನದು 1.44. ಬಿಸಿಲಿನದು 2.61. ನಿಮಗೆ ಇದೇ ಸಂಖ್ಯೆ ಬರಬೇಕಿಲ್ಲ, ಇದೇ ಕ್ರಮ ಬಂದರೆ ಸಾಕು. ಮಣ್ಣಿನ ಒಂದು ಕಣವೂ ಇಲ್ಲದೆ ಬಿಸಿಲಿನ ಸಸಿಗಳು 0.69 ಗ್ರಾಂ ಗಳಿಸಿವೆ. ಅಷ್ಟೇ ನೀರು ಕುಡಿದ ಕತ್ತಲಿನ ಸಸಿಗಳು 0.48 ಗ್ರಾಂ ಕಳೆದುಕೊಂಡಿವೆ.

ಈಗ ಒಂದು ಕಿವಿಮಾತು. ಎಲ್ಲರ ಕಣ್ಣೂ 0.69ರ ಮೇಲೆ ಹೋಗುತ್ತದೆ. ನೀವು ಮೊದಲು 0.48ನ್ನು ಹಿಡಿಯಿರಿ. ಈ ಪಾಠ ತಿರುಗುವುದು ಅಲ್ಲಿ. "ಕತ್ತಲಿನ ಸಸಿ ಏನನ್ನೂ ಉದುರಿಸಲಿಲ್ಲ. ಡಬ್ಬಿಯಿಂದ ಏನೂ ಚೆಲ್ಲಲಿಲ್ಲ. ಕಾಲುಭಾಗ ತೂಕ ಎಲ್ಲಿ ಹೋಯ್ತು?" ಮಕ್ಕಳಿಗೆ ಹೋಗಲು ಬೇರೆ ದಾರಿಯೇ ಇಲ್ಲ. ನೀರಾಗಿ ಹೋಯ್ತು ಅಂದರೆ, ಒಣಗಿಸಿಯೇ ತೂಗಿದ್ದೇವೆ ಅಂತ ಪಕ್ಕದವರೇ ಹೇಳುತ್ತಾರೆ. ಕೊನೆಗೆ ಯಾರೋ ಒಬ್ಬರು ಅಳುಕುತ್ತಾ "ಗಾಳಿಗಾ?" ಅನ್ನುತ್ತಾರೆ. ಆಗ ಮೊಳಕೆ ಬಂದ ಕಾಳನ್ನು ಮುಚ್ಚಿದ ಬಾಟಲಿಯಲ್ಲಿಟ್ಟು, ಅದರೊಳಗೆ ಒಂದು ಸಣ್ಣ ಬಟ್ಟಲಲ್ಲಿ ಸುಣ್ಣದ ತಿಳಿನೀರು ಇಡಿ. ಮರುದಿನಕ್ಕೆ ಅದು ಹಾಲಿನ ಹಾಗೆ ಬೆಳ್ಳಗಾಗಿರುತ್ತದೆ. ಬರೀ ತಿಳಿನೀರು ಇಟ್ಟ ಇನ್ನೊಂದು ಬಾಟಲಿ ಜೊತೆಗಿರಲಿ. ಕಾಳು ಉಸಿರಾಡಿದೆ, ಅದರ ಗಟ್ಟಿ ಪದಾರ್ಥ ಕಾರ್ಬನ್ ಡೈಆಕ್ಸೈಡ್ ಆಗಿ ಹೊರಗೆ ಹೋಗಿದೆ. ಗಟ್ಟಿ ಪದಾರ್ಥ ಗಾಳಿಯಾಗಿ ಹೋಗಬಹುದು ಅಂತ ಒಪ್ಪಿದ ಮಗುವಿಗೆ, ಗಾಳಿಯೇ ಗಟ್ಟಿ ಪದಾರ್ಥವಾಗಿ ಬರಬಹುದು ಅಂತ ಯೋಚಿಸುವುದು ಅಷ್ಟು ಕಷ್ಟವಲ್ಲ. ನೇರವಾಗಿ ಎರಡನೆಯದನ್ನು ಹೇಳಿದರೆ ಅದು ಮಂತ್ರದ ಹಾಗೆ ಕೇಳಿಸುತ್ತದೆ.

ಇಷ್ಟಾದರೂ ಅರ್ಧ ತರಗತಿ "ನೀರಿನಿಂದ ಬಂತು" ಅಂತಲೇ ನಿಲ್ಲುತ್ತದೆ. ಬೇಸರ ಬೇಡ, ವಾನ್ ಹೆಲ್ಮಾಂಟ್ ಕೂಡ ಅಲ್ಲೇ ನಿಂತರು. 74 ಕೆಜಿಯೂ ನೀರೇ ಅಂತ ತೀರ್ಮಾನಿಸಿದರು. ಅವರ ಬರಹಗಳು ಅವರು ತೀರಿಕೊಂಡ ಮೇಲೆ 1648ರಲ್ಲಿ ಪ್ರಕಟವಾದವು. "ಗ್ಯಾಸ್" ಅನ್ನುವ ಪದವನ್ನು ಲೋಕಕ್ಕೆ ಕೊಟ್ಟವರೇ ಅವರು. 62 ಪೌಂಡ್ ಓಕ್ ಇದ್ದಿಲು ಸುಟ್ಟಾಗ ಒಂದೇ ಪೌಂಡ್ ಬೂದಿ ಉಳಿದು ಮಿಕ್ಕಿದ್ದೆಲ್ಲ ಗ್ಯಾಸ್ ಆಗಿ ಹೋಯಿತು ಅಂತ ಬರೆದವರೂ ಅವರೇ. ಆ ಗ್ಯಾಸ್ ಮತ್ತೆ ಮರದೊಳಕ್ಕೆ ಬರುತ್ತದೆ ಅಂತ ಮಾತ್ರ ಅವರಿಗೆ ಹೊಳೆಯಲಿಲ್ಲ. ಈ ಕಥೆಯನ್ನು ಮಕ್ಕಳಿಗೆ ಪೂರ್ತಿ ಹೇಳಿ. ತಮ್ಮ ತಪ್ಪು ದೊಡ್ಡವರೂ ಮಾಡಿದ ತಪ್ಪು ಅಂತ ಗೊತ್ತಾದರೆ ಅವರು ಅದನ್ನು ಬಚ್ಚಿಡುವುದಿಲ್ಲ.

ನೀರಿನ ಉತ್ತರ ಯಾಕೆ ಸಾಲದು ಅನ್ನುವುದಕ್ಕೆ ಸರಳ ದಾರಿ ಇದೆ. ಒಣಗಿದ ಸಸಿಯನ್ನು ಚಮಚದ ಮೇಲಿಟ್ಟು ಕಾಯಿಸಿ. ಕಪ್ಪಗೆ ಕರಕಲಾಗುತ್ತದೆ. ಆ ಕಪ್ಪು ಕಾರ್ಬನ್. ನೀರಿನಲ್ಲಿ ಇರುವುದು ಹೈಡ್ರೋಜನ್, ಆಮ್ಲಜನಕ ಎರಡೇ, ಹಾಗಾದರೆ ಇದು ಎಲ್ಲಿಂದ ಬಂತು? ಕಾರ್ಬನ್ ಡೈಆಕ್ಸೈಡ್ ಹೀರುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಜೊತೆ ಗಿಡ ಇಡುವ ಪ್ರಯೋಗ ಹತ್ತನೇ ತರಗತಿಯಲ್ಲಿ ಬರುತ್ತದೆ. ಬೇಕಾದರೆ ಈಗಲೇ ಮಾಡಿ, ಆದರೆ ಅದು ಚರ್ಮ ಸುಡುವ ವಸ್ತು, ನಿಮ್ಮ ಕೈಯಲ್ಲೇ ಇರಲಿ.

ನಿಜವಾದ ಗೋಡೆ ಬೇರೆ ಇದೆ. ಗಾಳಿಗೆ ತೂಕ ಇದೆ ಅಂತ ಮಕ್ಕಳು ನಂಬುವುದಿಲ್ಲ. ಬಾಯಲ್ಲಿ ಹೇಳುತ್ತಾರೆ, ಮನಸ್ಸಿನಲ್ಲಿ ಇಲ್ಲ. ಇದಕ್ಕೆ ಬಲೂನು ತೂಗಬೇಡಿ. ಸುತ್ತಲಿನ ಗಾಳಿ ಬಲೂನನ್ನು ಮೇಲಕ್ಕೆ ತಳ್ಳುವುದರಿಂದ ಒಳಗಿನ ಗಾಳಿಯ ತೂಕ ಹೆಚ್ಚೂಕಡಿಮೆ ಮರೆಯಾಗುತ್ತದೆ. ಸೋಡಾ ಬಾಟಲಿ ತನ್ನಿ. ಅರ್ಧ ಲೀಟರಿನದ್ದು, ಮುಚ್ಚಳ ಬಿಚ್ಚದೆ ಅಡುಗೆಮನೆ ತಕ್ಕಡಿ ಮೇಲೆ ತೂಗಿ. ಆಮೇಲೆ ಒಂದು ಹನಿಯೂ ಚೆಲ್ಲದ ಹಾಗೆ ಮೆಲ್ಲಗೆ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಿ, ಮತ್ತೆ ಮುಚ್ಚಿ ಅಲ್ಲಾಡಿಸಿ, ಮತ್ತೆ ಬಿಡಿ. ಏಳೆಂಟು ಸಲ ಮಾಡಿ ಮುಚ್ಚಳದ ಸಮೇತ ತೂಗಿದರೆ ಎರಡು ಮೂರು ಗ್ರಾಂ ಇಳಿದಿರುತ್ತದೆ. "ಬುಸ್" ಅಂತ ಹೋದದ್ದು ಹೆಸರುಕಾಳಿನ ಒಂದು ಡಬ್ಬಿಯಷ್ಟು ತೂಕ! ಅದೂ ನಮಗೆ ಬೇಕಾದ ಅದೇ ಕಾರ್ಬನ್ ಡೈಆಕ್ಸೈಡ್.

ಆಗ ಚೂಟಿ ಮಕ್ಕಳು ಒಂದು ಒಳ್ಳೆಯ ಪ್ರಶ್ನೆ ಕೇಳುತ್ತಾರೆ: ಗಾಳಿಯಲ್ಲಿ ಅದು ಇರುವುದೇ ನೂರಕ್ಕೆ 0.04ರಷ್ಟು, ಅದರಿಂದ ಮರ ಹೇಗೆ ಆಗುತ್ತೆ? ನಿಮ್ಮ ಕೋಣೆಯನ್ನೇ ಅಳೆಸಿ. 8 ಮೀಟರ್ ಉದ್ದ, 6 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯಲ್ಲಿ ಸುಮಾರು 170 ಕೆಜಿ ಗಾಳಿ ಇರುತ್ತದೆ. ಅದರಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 110 ಗ್ರಾಂ. ಒಂದು ಕೆಜಿ ಒಣ ಕಟ್ಟಿಗೆಯಲ್ಲಿ ಅರ್ಧದ ಹತ್ತಿರ ಕಾರ್ಬನ್. ಅಷ್ಟು ಕಾರ್ಬನ್ ಸಿಗಬೇಕಾದರೆ ಇಂಥ ಸುಮಾರು ಹದಿನಾರು ಕೋಣೆಯ ಗಾಳಿಯಲ್ಲಿರುವುದನ್ನೆಲ್ಲ ಹೀರಬೇಕು. ಹೌದು, ತುಂಬ ತೆಳ್ಳಗಿನ ಊಟ. ಅದಕ್ಕೇ ಮರಕ್ಕೆ ಅಷ್ಟೊಂದು ಎಲೆ, ಅಷ್ಟೊಂದು ವರ್ಷ ಬೇಕು. ಗಾಳಿಯೂ ಒಂದೇ ಕಡೆ ನಿಲ್ಲುವುದಿಲ್ಲ, ಹೊಸದು ಬರುತ್ತಲೇ ಇರುತ್ತದೆ.

ಮೂರನೇ ಪೀರಿಯಡ್‌ನಲ್ಲಿ ಮಾತ್ರ ಸಮೀಕರಣ ಬರೆಯಿರಿ: 6CO₂ + 12H₂O → C₆H₁₂O₆ + 6O₂ + 6H₂O. ಈ ಪಾಠ ಒಂಬತ್ತಕ್ಕೆ ಸರಿಹೊಂದುವುದು ಇಲ್ಲಿಯೇ. ಪರಮಾಣು ತೂಕ ಅವರು ಇದೇ ವರ್ಷ ಕಲಿಯುತ್ತಾರೆ. ಗ್ಲುಕೋಸ್‌ನ 180 ಭಾಗ ತೂಕದಲ್ಲಿ ಕಾರ್ಬನ್ 72, ಆಮ್ಲಜನಕ 96, ಹೈಡ್ರೋಜನ್ 12. ಹೊರಗೆ ಬಿಡುವ ಆಮ್ಲಜನಕ ನೀರಿನದ್ದು ಅಂತ 1941ರಲ್ಲಿ ಭಾರವಾದ ಆಮ್ಲಜನಕ ಬಳಸಿದ ಪ್ರಯೋಗದಲ್ಲಿ ಕಂಡುಬಂತು. ಹಾಗಾದರೆ ಗ್ಲುಕೋಸ್‌ನೊಳಗಿನ ಕಾರ್ಬನ್ನೂ ಆಮ್ಲಜನಕವೂ ಗಾಳಿಯಿಂದ ಬಂದವು. 180ರಲ್ಲಿ 168 ಗಾಳಿಯದು, 12 ಮಾತ್ರ ನೀರಿನದು. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ. ಬಾಯಿಪಾಠ ಮಾಡಿದ್ದ ಸಾಲು ಅವತ್ತು ಮೊದಲ ಸಲ ಏನೋ ಹೇಳುತ್ತದೆ.

ಕೊನೆಯ ವಿಷಯ ಸೂಕ್ಷ್ಮವಾದದ್ದು. ರೈತರ ಮನೆಯ ಮಗು ಎದ್ದು, "ಹಾಗಾದ್ರೆ ನಮ್ಮಪ್ಪ ಗೊಬ್ಬರ ಯಾಕೆ ಹಾಕ್ತಾರೆ?" ಅಂತ ಕೇಳುತ್ತದೆ. ಕೇಳಲೇಬೇಕು. ಮಣ್ಣು ಏನೂ ಕೊಡುವುದಿಲ್ಲ ಅಂತ ಹೇಳಿ ಕಳಿಸಿದರೆ ಒಂದು ತಪ್ಪು ತೆಗೆದು ಇನ್ನೊಂದು ತುಂಬಿದ ಹಾಗೆ. ವಾನ್ ಹೆಲ್ಮಾಂಟ್‌ರ 2 ಔನ್ಸ್‌ಗೆ ವಾಪಸ್ ಹೋಗಿ. ಒಣಗಿದ ಗಿಡದ ತೂಕದಲ್ಲಿ ಮಣ್ಣಿನ ಪಾಲು ಸಾಮಾನ್ಯವಾಗಿ ನೂರಕ್ಕೆ ಐದರ ಆಸುಪಾಸು: ಸಾರಜನಕ, ರಂಜಕ, ಪೊಟ್ಯಾಶ್, ಇನ್ನೂ ಹಲವು. ಪಾಲು ಚಿಕ್ಕದು, ಆದರೆ ಸಾರಜನಕ ಇಲ್ಲದೆ ಎಲೆಯ ಹಸಿರು ಆಗುವುದಿಲ್ಲ, ಹಸಿರಿಲ್ಲದೆ ಗಾಳಿಯನ್ನು ಹಿಡಿಯುವುದು ಹೇಗೆ? ಯೂರಿಯಾ ಹಾಕಿದ ಗದ್ದೆ ವಾರದಲ್ಲಿ ಕಡುಹಸಿರಾಗುವುದನ್ನು ಆ ಮಗು ನೋಡಿರುತ್ತದೆ. ನಮ್ಮ ಹೆಸರು ಸಸಿಗಳಿಗೂ ಕಾಳಿನೊಳಗೇ ಇವೆಲ್ಲ ಒಂದಿಷ್ಟು ಇತ್ತು, ಅದಕ್ಕೇ ಬರೀ ನೀರಿನಲ್ಲಿ ಬೆಳೆದವು. ಹಾಗೇ ತಿಂಗಳುಗಟ್ಟಲೆ ಬಿಟ್ಟರೆ ಹಳದಿಯಾಗಿ ನಿಂತುಹೋಗುತ್ತವೆ. ಒಂದು ಡಬ್ಬಿಯನ್ನು ಬಿಟ್ಟು ನೋಡಿ, ಅದೂ ಪಾಠವೇ. ಅಂದಹಾಗೆ ಭತ್ತದ ಹೊಟ್ಟಿನ ವಿಷಯದಲ್ಲಿ ಐದರ ಲೆಕ್ಕ ನಡೆಯುವುದಿಲ್ಲ. ಅದರಲ್ಲಿ ಸಿಲಿಕಾ ಜಾಸ್ತಿ, ಸುಟ್ಟರೆ ಐದನೇ ಒಂದು ಭಾಗದಷ್ಟು ಬೂದಿ ಉಳಿಯುತ್ತದೆ. ಗಿರಣಿ ಇರುವ ಊರಿನ ಮಕ್ಕಳು ಇದನ್ನು ಹೇಳಿಯೇ ಹೇಳುತ್ತಾರೆ.

ಹದಿನೈದು ದಿನ ಬಿಟ್ಟು, ಹೇಳದೆ ಕೇಳದೆ ಒಂದು ಪ್ರಶ್ನೆ ಕೊಡಿ: "ಒಲೆಯಲ್ಲಿ ಹತ್ತು ಕೆಜಿ ಒಣ ಸೌದೆ ಉರಿದು ಒಂದೆರಡು ಹಿಡಿ ಬೂದಿ ಉಳಿಯಿತು. ಉಳಿದದ್ದು ಎಲ್ಲಿ ಹೋಯಿತು? ಅದು ಮರದೊಳಕ್ಕೆ ಮೊದಲು ಎಲ್ಲಿಂದ ಬಂದಿತ್ತು? ಬೂದಿ ಎಲ್ಲಿಯದು?" ಮೂರನ್ನೂ ಸರಿ ಬರೆದರೆ ಆ ಮಗುವಿಗೆ ವಿಷಯ ಹತ್ತಿದೆ. "ಮರ ಗಾಳಿಯಿಂದ ಆಮ್ಲಜನಕ ತಗೊಂಡು ಬೆಳೀತು" ಅಂತ ಬರೆದರೆ ಸೋಡಾ ಬಾಟಲಿಗೆ ವಾಪಸ್ ಹೋಗಿ. "ಬಿಸಿಲೇ ತೂಕವಾಯ್ತು" ಅಂತ ಬರೆಯುವವರೂ ಸಿಗುತ್ತಾರೆ; ಅವರಿಗೆ 72, 96, 12ರ ಲೆಕ್ಕವನ್ನು ಇನ್ನೊಮ್ಮೆ ಮಾಡಿಸಿ, ಅದರಲ್ಲಿ ಬಿಸಿಲಿಗೆ ಜಾಗ ಎಲ್ಲಿದೆ ಅಂತ ಅವರೇ ಹುಡುಕಲಿ. ಆಮೇಲೆ ಮೊದಲ ದಿನದ ಚೀಟಿಗಳನ್ನು ಅವರವರಿಗೆ ವಾಪಸ್ ಕೊಡಿ. ತಮ್ಮ ಉತ್ತರದ ಕೆಳಗೆ ಹೊಸದನ್ನು, ಅದು ಯಾಕೆ ಬದಲಾಯಿತು ಅನ್ನುವುದರ ಸಮೇತ, ಅವರೇ ಬರೆಯಲಿ.